ಫ್ಲೈಟ್ ರದ್ದಾಗಿದೆ, ಬರಬೇಕಾದದ್ದು 31,680 ರೂಪಾಯಿ, ಕೊಡ್ತೀವಿ ಅಂತಿರೋದು ತಲಾ 1,500ರ ವೋಚರ್. ಏನಂತ ಉತ್ತರ ಬರೆಯಲಿ?

ಕಾವೇರಿ ದಂಡೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ, ಅತ್ತೆ ಮತ್ತು ನಾನು ಬೆಂಗಳೂರಿನಿಂದ ವಾರಾಣಸಿಗೆ ಹೋಗಬೇಕಿತ್ತು. ಅಜ್ಜಿಗೆ ಕಾಶಿಯಲ್ಲಿ ಪಿಂಡ ಹಾಕಬೇಕು ಅಂತ ಅಪ್ಪನಿಗೆ ಬಹಳ ದಿನದ ಆಸೆ. ಅಲ್ಲಿನ ಪುರೋಹಿತರ ಹತ್ತಿರ ತಿಥಿ ನೋಡಿ ದಿನ ಗೊತ್ತು ಮಾಡಿಕೊಂಡಿದ್ದೆವು. ಹೊರಡಲು ಮೂರು ದಿನ ಇದೆ ಅನ್ನುವಾಗ ಏರ್‌ಲೈನ್‌ನಿಂದ ಮೆಸೇಜ್ ಬಂತು, ಫ್ಲೈಟ್ ರದ್ದು ಅಂತ. ಬದಲಿಗೆ ಮಾರನೇ ದಿನ ಸಂಜೆಯ ಫ್ಲೈಟ್ ಕೊಟ್ಟಿದ್ದರು. ಅದರಲ್ಲಿ ಹೋದರೆ ತಿಥಿಯೇ ಕಳೆದುಹೋಗುತ್ತಿತ್ತು. ಬೇಡ ಅಂದೆ. ಬೇರೆ ಕಂಪನಿಯ ಟಿಕೆಟ್ ಜಾಸ್ತಿ ದುಡ್ಡು ಕೊಟ್ಟು ಕೊಂಡು ಹೋಗಿ ಬಂದೆವು.

ಟಿಕೆಟ್ ಕೊಂಡದ್ದು ಏರ್‌ಲೈನ್‌ನ ಸೈಟಿನಲ್ಲೇ, ನನ್ನ ಕ್ರೆಡಿಟ್ ಕಾರ್ಡಿನಲ್ಲಿ. ಒಬ್ಬರಿಗೆ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 6,150, ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ 1,120. ನಾಲ್ಕು ಜನಕ್ಕೆ 29,080. ಅತ್ತೆಗೆ ಮಂಡಿ ನೋವು ಅಂತ ಮುಂದಿನ ಸೀಟು ಆರಿಸಿಕೊಂಡೆವು, ನಾಲ್ಕಕ್ಕೂ ಸೇರಿ 1,200. ಕನ್ವೀನಿಯನ್ಸ್ ಫೀ 1,400. ಒಟ್ಟು 31,680.

ರೀಫಂಡ್ ಕೇಳಿದ್ದಕ್ಕೆ ಈಗ ಇಮೇಲ್ ಬಂದಿದೆ. ತುಂಬಾ ವಿನಯವಾಗಿದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಪ್ರತಿ ಪ್ರಯಾಣಿಕರಿಗೂ 1,500 ರೂಪಾಯಿಯ ವೋಚರ್ ಕೊಡಲು ಸಂತೋಷಪಡುತ್ತೇವೆ ಅಂತ. ಕೆಳಗೆ `Accept` ಅನ್ನುವ ದೊಡ್ಡ ನೀಲಿ ಬಟನ್. ರೀಫಂಡ್ ಬಗ್ಗೆ ಒಂದು ಮಾತೂ ಇಲ್ಲ. ಆರು ತಿಂಗಳೊಳಗೆ ಬಳಸಬೇಕು, ಮೂಲ ದರಕ್ಕೆ ಮಾತ್ರ ಸಲ್ಲುತ್ತದೆ, ಒಂದು ಬುಕಿಂಗ್‌ಗೆ ಒಂದೇ ವೋಚರ್. ಅಂದರೆ ನಾವು ನಾಲ್ವರೂ ಮತ್ತೆ ಒಟ್ಟಿಗೆ ಹೊರಟರೂ ಒಂದೇ ಬುಕಿಂಗ್‌ನಲ್ಲಿ 1,500 ಮಾತ್ರ ಕಡಿತ!

ಅಪ್ಪ "ಬಂದಷ್ಟು ಬರಲಿ ತಗೋ, ಆಮೇಲೆ ಉಳಿದದ್ದು ಕೇಳೋಣ" ಅಂತಿದ್ದಾರೆ. ಹಾಗೆ ಮಾಡಬಹುದಾ? ಉತ್ತರ ಬರೆಯುವುದಾದರೆ ಏನಂತ ಬರೆಯಬೇಕು?

ಬಸವನಗುಡಿ ಹುಡುಗ

ಅಕ್ಕ, ಒಂದು ರೂಪಾಯಿನೂ ಬಿಡಬೇಡಿ. ಫ್ಲೈಟ್ ರದ್ದಾದರೆ ರೀಫಂಡ್ ಜೊತೆ ತಲಾ 10,000 ಪರಿಹಾರ ಕೊಡಲೇಬೇಕು ಅಂತ ವಿಮಾನಯಾನ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎಯ ರೂಲ್ ಇದೆ. 31,680 ಮತ್ತು 40,000 ಸೇರಿಸಿ 71,680 ಕೇಳಿ. ಉತ್ತರನೇ ಬರೆಯಬೇಡಿ ಅಂತ ಕೆಲವರು ಹೇಳ್ತಾರೆ, ಹಾಗೆ ಮಾಡಬೇಡಿ. ಸುಮ್ನಿದ್ರೆ ಒಪ್ಪಿಕೊಂಡ ಹಾಗೆ.

ಶಿರಸಿ ಅಡಿಕೆ

ನಮಗೂ ಇದೇ ಆಯಿತು. ಮಗಳ ಮದುವೆಗೆ ತೆಗೆದ ಸೀರೆ ಅವಳಿಗೆ ಬಣ್ಣ ಹಿಡಿಸಲಿಲ್ಲ ಅಂತ ವಾಪಸ್ ಕೊಡಲು ಹೋದೆವು. ಅಂಗಡಿಯವರು ಹಣ ಕೊಡುವುದಿಲ್ಲ, ಕ್ರೆಡಿಟ್ ನೋಟ್ ಕೊಡುತ್ತೇವೆ ಅಂದರು. ಮೂರು ತಿಂಗಳೊಳಗೆ ಬೇರೆ ಸೀರೆ ತೆಗೆಯಬೇಕಂತೆ. ಇದಕ್ಕೂ ಹಣವೇ ಬರಬೇಕಲ್ಲವೇ?

ಧಾರವಾಡ ವಕೀಲೆ

ಕಾವೇರಿಯವರೇ, ಮೊದಲು ನಿಮಗೆ ಉತ್ತರ ಹೇಳುತ್ತೇನೆ. ಆ ನೀಲಿ ಬಟನ್ ಒತ್ತಬೇಡಿ. ಬಟನ್ ಕೆಳಗೆ ಅಥವಾ ಅದರ ಲಿಂಕಿನಲ್ಲಿ ಷರತ್ತುಗಳು ಇರುತ್ತವೆ. ಒತ್ತದೆ, ಲಿಂಕ್ ಮಾತ್ರ ತೆರೆದು ಓದಿ. `full and final settlement` ಅನ್ನುವ ಸಾಲು ಇದೆಯಾ ನೋಡಿ ಹೇಳಿ.

ಕಾವೇರಿ ದಂಡೆ

ಇದೆ ಮೇಡಂ. ಷರತ್ತುಗಳಲ್ಲಿ ಕೊನೆಯಿಂದ ಎರಡನೆಯದು. ಈ ವೋಚರ್ ಸ್ವೀಕರಿಸಿದರೆ ಈ ಬುಕಿಂಗ್‌ಗೆ ಸಂಬಂಧಿಸಿದ ಎಲ್ಲ ಬೇಡಿಕೆಯೂ ಪೂರ್ತಿ ಇತ್ಯರ್ಥವಾದಂತೆ ಅಂತ ಬರೆದಿದ್ದಾರೆ. ಇಮೇಲ್‌ನಲ್ಲಿ ಈ ಮಾತು ಇರಲಿಲ್ಲ.

ಧಾರವಾಡ ವಕೀಲೆ

ನಿಮ್ಮ ತಂದೆಯವರು ಹೇಳಿದ ದಾರಿ ಯಾಕೆ ಬೇಡ ಅನ್ನುವುದಕ್ಕೆ ಕಾರಣ ಇದೇ. ನಮ್ಮ ಕರಾರು ಕಾಯ್ದೆ 1872ರದ್ದು. ಅದರ 63ನೇ ಸೆಕ್ಷನ್ ಪ್ರಕಾರ, ಹಣ ಬರಬೇಕಾದವರು ತಾವೇ ಇಷ್ಟಪಟ್ಟು ಅದಕ್ಕಿಂತ ಕಡಿಮೆಗೆ ಅಥವಾ ಬೇರೆ ಯಾವುದೋ ವಸ್ತುವಿಗೆ ಒಪ್ಪಿಕೊಂಡರೆ ಆ ಬಾಕಿ ತೀರಿದ ಹಾಗೆ. 31,680ರ ಬದಲು ತಲಾ 1,500ರ ವೋಚರ್ ಸಾಕು ಅಂತ ನೀವು ಬಟನ್ ಒತ್ತಿದರೆ, ನಾಳೆ ಅವರು ತೋರಿಸುವುದು ಆ ಒತ್ತಿದ ದಾಖಲೆಯನ್ನೇ.

ಒತ್ತಿದವರ ಕಥೆ ಅಲ್ಲಿಗೇ ಮುಗಿಯುವುದಿಲ್ಲ, ಅದನ್ನೂ ಹೇಳಬೇಕು. ವಿಮಾ ಕಂಪನಿಗಳು ಪೂರ್ತಿ ಇತ್ಯರ್ಥ ಅಂತ ಸಹಿ ಹಾಕಿಸಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಒಂದು ಮಾತು ಹೇಳಿದೆ. ಸಹಿ ಇದ್ದ ಮಾತ್ರಕ್ಕೆ ಗ್ರಾಹಕರ ದೂರು ಬಿದ್ದುಹೋಗುವುದಿಲ್ಲ. ಆದರೆ ಮೋಸದಿಂದಲೋ, ತಪ್ಪು ಮಾಹಿತಿ ಕೊಟ್ಟೋ, ಒತ್ತಡ ಹಾಕಿಯೋ ಆ ಸಹಿ ಪಡೆದರು ಅಂತ ತೋರಿಸುವ ಹೊರೆ ಗ್ರಾಹಕರ ಮೇಲೆ. ಸುಮ್ನೆ ಆ ಹೊರೆ ಯಾಕೆ ಹೊರಬೇಕು? ನೀವು ಇನ್ನೂ ಒತ್ತಿಲ್ಲ. ಈಗ ನಿಮ್ಮ ಜಾಗ ಗಟ್ಟಿಯಾಗಿದೆ.

ಇನ್ನು ಹಕ್ಕಿನ ವಿಷಯ. ಡಿಜಿಸಿಎಯ ಪ್ರಯಾಣಿಕರ ನಿಯಮಗಳು ಸೆಕ್ಷನ್ 3, ಸೀರೀಸ್ ಎಂನಲ್ಲಿವೆ. ನಿಮಗೆ ಬೇಕಾದದ್ದು ಅದರ ಎರಡು ಭಾಗ. ನಾಲ್ಕನೇ ಭಾಗ ಫ್ಲೈಟ್ ರದ್ದಾದರೆ ಏನು ಮಾಡಬೇಕು ಅನ್ನುತ್ತದೆ. ಹೊರಡುವ ದಿನಕ್ಕೆ ಎರಡು ವಾರಕ್ಕಿಂತ ಕಡಿಮೆ ಇದ್ದು, ಇಪ್ಪತ್ನಾಲ್ಕು ಗಂಟೆಗಿಂತ ಮುಂಚೆ ತಿಳಿಸಿದರೆ, ಮೊದಲಿನ ಸಮಯದಿಂದ ಎರಡು ಗಂಟೆಯೊಳಗೆ ಹೊರಡುವ ಬದಲಿ ಫ್ಲೈಟ್ ಕೊಡಬೇಕು ಅಥವಾ ಹಣ ವಾಪಸ್ ಮಾಡಬೇಕು. ಎರಡರಲ್ಲಿ ಯಾವುದು ಅನ್ನುವುದು ಪ್ರಯಾಣಿಕರ ಇಷ್ಟ. ಮಾರನೇ ದಿನ ಸಂಜೆಯ ಫ್ಲೈಟ್ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಎರಡನೇ ಭಾಗ ರೀಫಂಡ್ ಬಗ್ಗೆ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಏಳು ದಿನದೊಳಗೆ ಅದೇ ಕಾರ್ಡಿಗೆ ಹಾಕಬೇಕು. ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ, ಅಂದರೆ ಮುಂದಿನ ಟಿಕೆಟ್‌ಗೆ ಬಳಸುವ ಜಮೆಯಾಗಿ ಏರ್‌ಲೈನ್ ಹತ್ತಿರವೇ ಇಡುವುದು ಪ್ರಯಾಣಿಕರ ಆಯ್ಕೆ, ಏರ್‌ಲೈನ್ ತಾನಾಗಿಯೇ ಹಾಗೆ ಮಾಡುವಂತಿಲ್ಲ ಅಂತ ಅದರಲ್ಲೇ ಬರೆದಿದೆ. ವೋಚರ್ ಅಂತ ಹೆಸರು ಬದಲಿಸಿದರೂ ವಿಷಯ ಅದೇ. ಈ ನಿಯಮಗಳನ್ನು ಆಗಾಗ ತಿದ್ದುತ್ತಾರೆ. ಪತ್ರ ಬರೆಯುವ ಮುಂಚೆ ಡಿಜಿಸಿಎ ಸೈಟಿನಲ್ಲಿ ಈಗಿನ ಪ್ರತಿ ತೆರೆದು ಸಾಲು ನೋಡಿಕೊಳ್ಳಿ.

ಬಸವನಗುಡಿಯವರು ಹೇಳಿದ 10,000ದ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಅದು ಅಷ್ಟು ಸರಳ ಇಲ್ಲ.

ಶಿರಸಿಯವರೇ, ನಿಮ್ಮ ವಿಷಯ ಬೇರೆ. ಸೀರೆಯಲ್ಲಿ ದೋಷ ಇರಲಿಲ್ಲ, ಬಣ್ಣ ಮಾತ್ರ ಹಿಡಿಸಲಿಲ್ಲ. ಆಗ ವಾಪಸ್ ತೆಗೆದುಕೊಳ್ಳುವುದು ಅಂಗಡಿಯ ಸ್ವಂತ ನಿಯಮದ ಮೇಲೆ ನಿಂತಿದೆ. ಬಿಲ್ಲಿನ ಹಿಂದೆ ಏನು ಬರೆದಿದೆ ನೋಡಿ. ಸೀರೆ ಹರಿದಿದ್ದರೆ, ಬಣ್ಣ ಬಿಟ್ಟಿದ್ದರೆ ನಾನೇ ಹಣ ಕೇಳಿ ಅನ್ನುತ್ತಿದ್ದೆ. ಕಾವೇರಿಯವರ ಪ್ರಕರಣದಲ್ಲಿ ಸೇವೆಯೇ ಸಿಗಲಿಲ್ಲ, ಅದೂ ಕಂಪನಿಯ ಕಡೆಯಿಂದ.

ಶಿರಸಿ ಅಡಿಕೆ

ಹಾಗಾದರೆ ಸರಿ ಮೇಡಂ. ದೋಷ ಇರಲಿಲ್ಲ. ಆದರೂ ಮೂರು ತಿಂಗಳು ಅನ್ನುವುದು ಕಡಿಮೆಯಾಯಿತು ಅಂತ ನನ್ನ ಅಭಿಪ್ರಾಯ.

ಕಲಬುರಗಿ ಟೀಚರ್

ಮೇಡಂ, ಒಂದು ಅನುಮಾನ. ಲಾಕ್‌ಡೌನ್ ಹೊತ್ತಲ್ಲಿ ಸುಪ್ರೀಂ ಕೋರ್ಟೇ ಕ್ರೆಡಿಟ್ ಶೆಲ್ ಸರಿ ಅಂತ ಹೇಳಿತ್ತಲ್ಲ? ನಮ್ಮ ಟಿಕೆಟ್ ಹಣಕ್ಕೆ ಏರ್‌ಲೈನ್‌ನವರು ಆಗ ಅದೇ ತೀರ್ಪು ತೋರಿಸಿದರು. ಈಗಲೂ ಅದನ್ನೇ ಹಿಡಿದುಕೊಂಡರೆ?

ಧಾರವಾಡ ವಕೀಲೆ

2020ರ ಅಕ್ಟೋಬರ್ 1ರ ಆದೇಶ ಅದು. ಲಾಕ್‌ಡೌನ್‌ನಿಂದ ರದ್ದಾದ ಟಿಕೆಟ್‌ಗಳಿಗೆ ಮಾತ್ರ. ಹಣದ ಮುಗ್ಗಟ್ಟಿನಲ್ಲಿದ್ದ ಏರ್‌ಲೈನ್‌ಗಳಿಗೆ 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್ ಇಟ್ಟುಕೊಳ್ಳಲು ಬಿಟ್ಟರು. ಆದರೆ ಪೂರ್ತಿ ಮೊತ್ತಕ್ಕೆ, ತಡವಾದಷ್ಟೂ ತಿಂಗಳಿಗೆ ಇಷ್ಟು ಅಂತ ಸೇರಿಸಿ, ಬೇರೆಯವರಿಗೂ ವರ್ಗಾಯಿಸುವ ಹಾಗೆ. ಬಳಸದೇ ಉಳಿದರೆ ಗಡುವು ಮುಗಿದ ಮೇಲೆ ಹಣ ವಾಪಸ್ ಕೊಡಲೇಬೇಕಿತ್ತು. ದೇಶದ ಎಲ್ಲ ವಿಮಾನ ನಿಂತಿದ್ದಾಗಲೂ ಕೋರ್ಟ್ ಹಣವನ್ನು ಕಂಪನಿಯಲ್ಲೇ ಉಳಿಸಿಕೊಳ್ಳಲು ಬಿಡಲಿಲ್ಲ. ಅದನ್ನು ತೋರಿಸಿ 1,500 ಕೊಡುತ್ತೇವೆ ಅನ್ನಲು ಬರುವುದಿಲ್ಲ.

ಕಾವೇರಿ ದಂಡೆ

ಧೈರ್ಯ ಬಂತು ಮೇಡಂ. ಹಾಗಾದರೆ ಉತ್ತರದಲ್ಲಿ ಏನೇನು ಇರಬೇಕು? ನಾನು ಬರೆದ ಕರಡು ಎರಡು ಪುಟ ಆಗಿದೆ. ಅತ್ತೆಯ ಮಂಡಿ ನೋವು, ಪುರೋಹಿತರಿಗೆ ಕೊಟ್ಟ ಮುಂಗಡ, ಕಾಲ್ ಸೆಂಟರ್‌ನವರು ಮಾತಾಡಿದ ರೀತಿ, ಎಲ್ಲ ಇದೆ.

ಧಾರವಾಡ ವಕೀಲೆ

ಎರಡು ಪುಟ ಬೇಡ. ಓದುವವರು ಅದರಲ್ಲಿ ಒಂದು ಸಾಲು ಹಿಡಿದು "ಸಿಬ್ಬಂದಿಯ ವರ್ತನೆಗೆ ಕ್ಷಮೆ ಕೇಳುತ್ತೇವೆ" ಅಂತ ಬರೆದು ದೂರು ಮುಚ್ಚಿಬಿಡುತ್ತಾರೆ. ಇದನ್ನು ನಾನು ಕಕ್ಷಿದಾರರ ಫೈಲುಗಳಲ್ಲಿ ನೋಡುತ್ತಲೇ ಇರುತ್ತೇನೆ. ವೋಚರ್ ಬೇಡ, ಇಷ್ಟು ಹಣ, ಈ ಖಾತೆಗೆ, ಈ ದಿನದೊಳಗೆ. ಇಷ್ಟೇ ಇರಲಿ.

ಅವರ ಇಮೇಲ್‌ಗೇ ರಿಪ್ಲೈ ಮಾಡಿ, ಹೊಸ ಇಮೇಲ್ ಬೇಡ. ಅವರ ಆಫರ್ ಮತ್ತು ನಿಮ್ಮ ನಿರಾಕರಣೆ ಒಂದೇ ಸರಣಿಯಲ್ಲಿ ಕಾಣಬೇಕು. ಕಳಿಸುವಾಗ ಇಂಗ್ಲಿಷಿನಲ್ಲೇ ಕಳಿಸಿ, ಉತ್ತರಿಸುವವರು ಎಲ್ಲೋ ಕೂತಿರುತ್ತಾರೆ. ವಿಷಯ ಹೀಗಿರಲಿ:

"ನೀವು ಹೇಳಿದ ವೋಚರನ್ನು ನಾನು ಒಪ್ಪುತ್ತಿಲ್ಲ. ಟಿಕೆಟ್ ಹಣದ ಬದಲಿಗೂ ಒಪ್ಪುತ್ತಿಲ್ಲ, ದೂರಿನ ಇತ್ಯರ್ಥ ಅಂತಲೂ ಒಪ್ಪುತ್ತಿಲ್ಲ. ಈ ಪಿಎನ್‌ಆರ್‌ನ ಫ್ಲೈಟನ್ನು ರದ್ದು ಮಾಡಿದವರು ನೀವು. ನೀವು ಕೊಟ್ಟ ಬದಲಿ ಫ್ಲೈಟ್ ಮೊದಲಿನ ಸಮಯದಿಂದ ಎರಡು ಗಂಟೆಯೊಳಗೆ ಇರಲಿಲ್ಲ. ಅದನ್ನು ನಾನು ಒಪ್ಪಲಿಲ್ಲ, ಅದರಲ್ಲಿ ಪ್ರಯಾಣಿಸಲೂ ಇಲ್ಲ. ಡಿಜಿಸಿಎ ನಿಯಮ ಸೆಕ್ಷನ್ 3, ಸೀರೀಸ್ ಎಂ, ಭಾಗ 2 ಮತ್ತು 4ರ ಪ್ರಕಾರ ನಾನು ಆರಿಸಿಕೊಂಡಿರುವುದು ರೀಫಂಡ್. ಮೊತ್ತ 31,680 ರೂಪಾಯಿ, ವಿವರ ಕೆಳಗಿದೆ. ಇದನ್ನು ಹಣ ಕೊಟ್ಟ ಅದೇ ಕ್ರೆಡಿಟ್ ಕಾರ್ಡಿಗೆ ಏಳು ದಿನದೊಳಗೆ ಹಾಕಿ, ಬ್ಯಾಂಕಿನಲ್ಲಿ ರೀಫಂಡ್ ಹುಡುಕಲು ಬೇಕಾಗುವ ಎಆರ್‌ಎನ್ ಸಂಖ್ಯೆ ತಿಳಿಸಿ. ನನ್ನ ಒಪ್ಪಿಗೆ ಇಲ್ಲದೆ ಯಾವ ವೋಚರನ್ನೂ ನನ್ನ ಖಾತೆಗೆ ಸೇರಿಸಬೇಡಿ. ತೊಂದರೆಗೆ ಸಮಾಧಾನ ಅಂತ ರೀಫಂಡ್ ಜೊತೆಗೆ, ಯಾವ ಷರತ್ತೂ ಇಲ್ಲದೆ ವೋಚರ್ ಕೊಡುವುದಾದರೆ ಹಾಗೆಂದು ಬರೆದು ತಿಳಿಸಿ."

ಕೊನೆಯ ಸಾಲು ಮುಖ್ಯ. ಕೆಲವು ಸಲ ಕಂಪನಿ ವೋಚರನ್ನು ನಿಜವಾಗಿಯೂ ರೀಫಂಡ್ ಜೊತೆಗೇ ಕೊಡುತ್ತಿರುತ್ತದೆ. ಆಗ ಬೇಡ ಅನ್ನುವ ಕಾರಣ ಇಲ್ಲ. ಇದು ಬದಲಿಗೋ ಜೊತೆಗೋ ಅನ್ನುವುದನ್ನು ಅವರ ಕೈಯಲ್ಲೇ ಬರೆಸಬೇಕು. ಕೆಳಗೆ ಮೊತ್ತದ ವಿವರವನ್ನು ಟಿಕೆಟ್‌ನಲ್ಲಿರುವ ಹಾಗೇ ನಾಲ್ಕು ಸಾಲಿನಲ್ಲಿ ಹಾಕಿ. ಸೀಟಿನ ಹಣ, ಕನ್ವೀನಿಯನ್ಸ್ ಫೀ ಬೇರೆ ಬೇರೆ ಸಾಲು.

ಸುಮ್ಮನಿದ್ದರೆ ಒಪ್ಪಿದ ಹಾಗೆ ಅನ್ನುವುದು ಸರಿಯಲ್ಲ. ನೀವು ಬಾಯಿ ಬಿಡದಿದ್ದರೆ ಒಪ್ಪಿಗೆ ಆಗಿಬಿಡುವುದಿಲ್ಲ. ಆದರೂ ಬರೆಯಿರಿ. ಮುಂದೆ ಯಾರೇ ಓದಿದರೂ ಆಫರ್ ಬಂದಾಗ ಇವರು ಬೇಡ ಅಂದಿದ್ದರು ಅಂತ ಕಾಣಬೇಕು.

ಬಸವನಗುಡಿ ಹುಡುಗ

ಮೇಡಂ, ಆ 10,000ದ ವಿಷಯ ಹೇಳ್ತೀನಿ ಅಂದಿದ್ರಿ. ನಿಯಮದಲ್ಲಿ ಆ ಅಂಕಿ ಇರೋದು ನಿಜ ಅಲ್ವಾ?

ಧಾರವಾಡ ವಕೀಲೆ

ಅಂಕಿ ಇರುವುದು ನಿಜ. ಎರಡು ಗಂಟೆಗಿಂತ ಉದ್ದದ ಹಾರಾಟಕ್ಕೆ 10,000 ಅಥವಾ ಒಂದು ದಾರಿಯ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕಾವೇರಿಯವರ ಟಿಕೆಟ್‌ಗೆ ಅದು 6,150, ಹತ್ತು ಸಾವಿರ ಅಲ್ಲ. ಎರಡನೆಯದಾಗಿ, ಸರಿಯಾದ ಹೊತ್ತಿಗೆ ತಿಳಿಸದೇ ರದ್ದು ಮಾಡಿದಾಗ ಅದು ಬರುತ್ತದೆ. ಇಲ್ಲಿ ಮೂರು ದಿನ ಮುಂಚೆ ತಿಳಿಸಿದ್ದಾರೆ. ಹವಾಮಾನದಂಥ ಕಂಪನಿಯ ಕೈಮೀರಿದ ಕಾರಣ ಇದ್ದರೂ ಪರಿಹಾರ ಇಲ್ಲ. ಆದರೆ ಗಮನಿಸಿ, ಆಗಲೂ ರೀಫಂಡ್ ಇದ್ದೇ ಇರುತ್ತದೆ. ಇವೆರಡನ್ನೂ ಕಂಪನಿಯ ಉತ್ತರಗಳಲ್ಲಿ ಬೇಕೆಂದೇ ಕಲಸಿಬಿಡುತ್ತಾರೆ. "ಕಾರ್ಯಾಚರಣೆಯ ಕಾರಣದಿಂದ ರದ್ದಾದ್ದರಿಂದ ಪರಿಹಾರ ಅನ್ವಯಿಸುವುದಿಲ್ಲ" ಅಂತ ಬರೆದರೆ ಓದಿದವರಿಗೆ ರೀಫಂಡೇ ಇಲ್ಲ ಅನ್ನಿಸುತ್ತದೆ.

71,680 ಕೇಳಿದರೆ ಅವರಿಗೆ ಚರ್ಚೆ ಮಾಡಲು ಜಾಗ ಸಿಗುತ್ತದೆ. ಅದಕ್ಕೇ ಈ ಪತ್ರದಲ್ಲಿ ಚರ್ಚೆಗೆ ಎಡೆಯಿಲ್ಲದ ಮೊತ್ತ ಮಾತ್ರ ಇರಲಿ.

ಬಸವನಗುಡಿ ಹುಡುಗ

ಕಡಿಮೆ ಯಾವುದೋ ಅದು ಅನ್ನೋದು ನನಗೆ ಗೊತ್ತಿರಲಿಲ್ಲ, ಸರಿ. ಆದರೆ ಒಂದು ವಾದ ಇದೆ ಮೇಡಂ. ಮೂರು ದಿನ ಮುಂಚೆ ತಿಳಿಸಿದರೆ ಸಾಲದು, ಎರಡು ಗಂಟೆಯೊಳಗಿನ ಫ್ಲೈಟ್ ಅಥವಾ ರೀಫಂಡ್ ಕೊಡಬೇಕು ಅಂತ ನೀವೇ ಹೇಳಿದ್ರಿ. ಇವರು ಎರಡೂ ಕೊಡಲಿಲ್ಲ. ಹಾಗಿದ್ದರೆ ನಿಯಮ ಪಾಲಿಸಿದ ಹಾಗೆ ಹೇಗಾಗುತ್ತೆ?

ಧಾರವಾಡ ವಕೀಲೆ

ಒಳ್ಳೆಯ ವಾದ. ಅದನ್ನು ಗ್ರಾಹಕರ ಆಯೋಗದ ಮುಂದೆ ಇಡಬಹುದು, ನಾನಾದರೂ ಇಡುತ್ತೇನೆ. ಒಪ್ಪುತ್ತಾರೆ ಅಂತ ಈಗಲೇ ಹೇಳಲಾರೆ. ಬೇರೆ ಕಂಪನಿಗೆ ಕೊಟ್ಟ ಜಾಸ್ತಿ ದರವೂ ಅಲ್ಲಿಯ ವಿಷಯವೇ.

ಕಾರ್ಡ್ ಕೌಂಟರ್ (ಬ್ಯಾಂಕ್ ನಿವೃತ್ತ)

ನಾನು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿದ್ದವನು. ಕಾರ್ಡಿನಲ್ಲಿ ಕೊಟ್ಟಿದ್ದರೆ ಇನ್ನೊಂದು ದಾರಿ ಇದೆಯಮ್ಮ. ಬ್ಯಾಂಕಿಗೆ ಡಿಸ್ಪ್ಯೂಟ್ ಅರ್ಜಿ ಕೊಡಬಹುದು. ಹಣ ಕೊಟ್ಟೆ, ಸೇವೆ ಸಿಗಲಿಲ್ಲ ಅನ್ನುವ ಕಾರಣ ಹಾಕಬೇಕು. ಸಾಮಾನ್ಯವಾಗಿ ಪ್ರಯಾಣದ ದಿನದಿಂದ 120 ದಿನದೊಳಗೆ ಕೊಡಬೇಕು, ಆದರೆ ಕೆಲವು ಬ್ಯಾಂಕುಗಳು ಇನ್ನೂ ಬೇಗ ಕೇಳುತ್ತವೆ. ಆದ್ದರಿಂದ ತಡ ಮಾಡಬೇಡಿ.

ನಮ್ಮ ಕಡೆ ಏನಾಗುತ್ತಿತ್ತು ಹೇಳುತ್ತೇನೆ. ಅರ್ಜಿ ಬಂದ ಮೇಲೆ ಏರ್‌ಲೈನ್‌ನ ಬ್ಯಾಂಕಿನಿಂದ ಉತ್ತರ ಬರುತ್ತದೆ. ಗ್ರಾಹಕರು ವೋಚರ್ ಒಪ್ಪಿದ್ದಾರೆ ಅಂತ ಒಂದು ಸ್ಕ್ರೀನ್‌ಶಾಟ್ ಹಾಕಿದರೆ ಕೇಸು ಹೆಚ್ಚು ಕಡಿಮೆ ಅಲ್ಲಿಗೇ ಮುಗಿಯಿತು. ಅದೇ ಗ್ರಾಹಕರು ವೋಚರ್ ಬೇಡ ಅಂತ ಬರೆದ ಇಮೇಲ್ ಲಗತ್ತಿಸಿದ್ದರೆ ನಮಗೆ ಕೆಲಸ ಸುಲಭ. ರದ್ದಾದ ಮೆಸೇಜ್, ಟಿಕೆಟ್, ಆ ಇಮೇಲ್, ಮೂರು ಕಾಗದ ಸಾಕು.

ಎರಡೂ ಕಡೆ ಒಟ್ಟಿಗೆ ಓಡಬೇಡಿ. ಏರ್‌ಲೈನ್ ರೀಫಂಡ್ ಶುರು ಮಾಡಿದ್ದೇವೆ ಅಂದ ಮೇಲೆ ಡಿಸ್ಪ್ಯೂಟ್ ಹಾಕಿದರೆ ಒಂದೇ ಹಣಕ್ಕೆ ಎರಡು ಕ್ರೆಡಿಟ್ ಬಂದು, ಮತ್ತೆ ವಾಪಸ್ ಹೋಗಿ, ಸ್ಟೇಟ್‌ಮೆಂಟ್ ನೋಡಿದರೆ ತಲೆ ತಿರುಗುತ್ತದೆ. ಏಳು ದಿನ ಕೊಟ್ಟಿದ್ದೀರಲ್ಲ, ಅದು ಮುಗಿಯಲಿ. ಎಆರ್‌ಎನ್ ಬಂದರೆ ನಿಮ್ಮ ಬ್ಯಾಂಕಿಗೆ ಆ ಸಂಖ್ಯೆ ಕೊಟ್ಟು ಹಣ ಎಲ್ಲಿದೆ ಅಂತ ಕೇಳಬಹುದು. ಬರೀ "ರೀಫಂಡ್ ಪ್ರೋಸೆಸ್ ಆಗಿದೆ" ಅನ್ನುವ ಮಾತಿನಿಂದ ಬ್ಯಾಂಕಿನಲ್ಲಿ ಯಾರೂ ಏನೂ ಹುಡುಕಲಾರರು.

ಫ್ರಾಂಕ್‌ಫರ್ಟ್ ಕನ್ನಡಿಗ

ಇಲ್ಲಿಯ ಅನುಭವ ಸೇರಿಸುತ್ತೇನೆ. ಯುರೋಪಿನಿಂದ ಹೊರಡುವ ಫ್ಲೈಟ್‌ಗಳಿಗೆ 261/2004 ಅನ್ನುವ ನಿಯಮ ಇದೆ. ರದ್ದಾದರೆ ಏಳು ದಿನದಲ್ಲಿ ಹಣ. ವೋಚರ್ ಕೊಡಬೇಕಾದರೆ ಪ್ರಯಾಣಿಕರ ಸಹಿ ಮಾಡಿದ ಒಪ್ಪಿಗೆ ಬೇಕು ಅಂತ ನಿಯಮದಲ್ಲೇ ಇದೆ. ಕಾಗದದ ಮೇಲೆ ಸಹಿ ಹಾಕಿಲ್ಲವಲ್ಲ, ಪರವಾಗಿಲ್ಲ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದರು. 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಕೋರ್ಟ್ ಹೇಳಿತು, ಕಂಪನಿಯ ಸೈಟಿನಲ್ಲಿ ವೋಚರ್ ಫಾರ್ಮ್ ತುಂಬಿದರೂ ಸಹಿಯ ಹಾಗೇ, ಆದರೆ ಹಣ ಪಡೆಯುವ ಹಕ್ಕೂ ಇದೆ ಅನ್ನುವುದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಿರಬೇಕು. ಹಾಗಾಗಿ ಬಟನ್ ಬಗ್ಗೆ ಮೇಡಂ ಹೇಳಿದ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ಬೆಂಗಳೂರಿನಿಂದ ಇಲ್ಲಿಗೆ ಯುರೋಪಿನ ಕಂಪನಿಯಲ್ಲಿ ಬರುವವರಿಗೂ ಈ ನಿಯಮ ಅನ್ವಯ ಆಗುತ್ತದೆ, ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ನೆನಪಿಟ್ಟುಕೊಳ್ಳಿ.

ಕಲಬುರಗಿ ಟೀಚರ್

ನಮ್ಮದು ಇನ್ನೊಂದು ತರಹ ಆಗಿದೆ. ಇದು ಈಚಿನದು, ಲಾಕ್‌ಡೌನ್ ಹೊತ್ತಿನದಲ್ಲ. ಟಿಕೆಟ್ ಕೊಂಡದ್ದು ಟ್ರಾವೆಲ್ ಸೈಟಿನಲ್ಲಿ. ಫ್ಲೈಟ್ ರದ್ದಾದ ಮೇಲೆ ಅವರು ಕೇಳದೇ ಅವರ ವ್ಯಾಲೆಟ್‌ಗೆ ಹಣ ಹಾಕಿಬಿಟ್ಟಿದ್ದಾರೆ. ಒತ್ತಲು ಬಟನ್ನೇ ಇರಲಿಲ್ಲ. ಏರ್‌ಲೈನ್‌ನವರನ್ನು ಕೇಳಿದರೆ ಏಜೆಂಟ್ ಹತ್ತಿರ ಹೋಗಿ ಅಂತಾರೆ, ಏಜೆಂಟ್ ಕೇಳಿದರೆ ಏರ್‌ಲೈನ್ ಕೊಟ್ಟಿಲ್ಲ ಅಂತಾರೆ. ಇಷ್ಟರಲ್ಲಿ ಮಗ ಆ ವ್ಯಾಲೆಟ್‌ನಿಂದ ಬಸ್ ಟಿಕೆಟ್ ಕೊಂಡುಬಿಟ್ಟಿದ್ದಾನೆ.

ಧಾರವಾಡ ವಕೀಲೆ

ಮಗನಿಗೆ ಇನ್ನು ಮುಟ್ಟಬೇಡ ಅಂತ ಹೇಳಿ. ಬಸ್ ಟಿಕೆಟ್‌ನಷ್ಟು ಹೋಯಿತು, ಅದನ್ನು ಲೆಕ್ಕದಿಂದ ಕಳೆದು ಉಳಿದದ್ದು ಕೇಳಿ. ಮುಚ್ಚಿಡಬೇಡಿ, ನೀವೇ ಬರೆದುಬಿಡಿ. ಇಲ್ಲದಿದ್ದರೆ ಆ ಒಂದು ಬಳಕೆಯನ್ನು ತೋರಿಸಿ ಪೂರ್ತಿ ಹಣಕ್ಕೆ ವ್ಯಾಲೆಟ್ ಒಪ್ಪಿದ್ದಾರೆ ಅನ್ನುತ್ತಾರೆ. ವ್ಯಾಲೆಟ್‌ನ ಈಗಿನ ಮೊತ್ತದ ಸ್ಕ್ರೀನ್‌ಶಾಟ್ ತೆಗೆದಿಡಿ. ನನ್ನನ್ನು ಕೇಳದೇ ಹಾಕಿದ್ದೀರಿ, ತೆಗೆದು ಕಾರ್ಡಿಗೆ ಹಾಕಿ ಅಂತ ಇಬ್ಬರಿಗೂ ಒಂದೇ ಇಮೇಲ್‌ನಲ್ಲಿ ಬರೆಯಿರಿ. ಒಬ್ಬರು ಇನ್ನೊಬ್ಬರ ಮೇಲೆ ಹಾಕುವ ಆಟ ಆಗ ಇಬ್ಬರ ಕಣ್ಣ ಮುಂದೆಯೇ ನಡೆಯಬೇಕಾಗುತ್ತದೆ. ಡಿಜಿಸಿಎ ನಿಯಮದಲ್ಲಿ ಏಜೆಂಟ್ ಏರ್‌ಲೈನ್‌ನ ಪ್ರತಿನಿಧಿ, ರೀಫಂಡಿನ ಹೊಣೆ ಏರ್‌ಲೈನ್‌ನದೇ. ಗಡುವು ಮಾತ್ರ ಕಾರ್ಡಿನ ಏಳು ದಿನಕ್ಕಿಂತ ಉದ್ದ.

ಕಾವೇರಿ ದಂಡೆ

ಪತ್ರ ಕಳಿಸಿದೆ. ಉತ್ತರದ ಬದಲು ಫೋನ್ ಬಂತು! ಹುಡುಗಿ ಮೃದುವಾಗಿ ಮಾತಾಡಿದಳು. ನಮ್ಮ ಸಿಸ್ಟಮ್‌ನಲ್ಲಿ ರೀಫಂಡ್ ಆಯ್ಕೆ ಬರ್ತಿಲ್ಲ ಮೇಡಂ, ನಿಮಗೋಸ್ಕರ ಮೇಲಿನವರ ಹತ್ತಿರ ಮಾತಾಡಿ ತಲಾ 3,000ದ ವೋಚರ್ ಮಾಡಿಸಿದ್ದೀನಿ, ಇವತ್ತು ಸಂಜೆವರೆಗೆ ಮಾತ್ರ ಇರುತ್ತೆ, ಹೂಂ ಅಂದರೆ ಸಾಕು, ಕಾಲ್ ರೆಕಾರ್ಡ್ ಆಗ್ತಿದೆ ಅಂದಳು. ನಾನು ಹೂಂ ಅನ್ನಲಿಲ್ಲ. ಏನು ಹೇಳೋದಿದ್ದರೂ ಇಮೇಲ್‌ನಲ್ಲಿ ಹೇಳಿ ಅಂತ ಇಟ್ಟೆ. ಇದಕ್ಕೂ ಉತ್ತರ ಬರೆಯಬೇಕಾ?

ಧಾರವಾಡ ವಕೀಲೆ

ಬರೆಯಬೇಕು, ಈಗಲೇ. ಇಂಥ ಹೊತ್ತಿಗೆ ನಿಮ್ಮ ಕಡೆಯಿಂದ ಫೋನ್ ಬಂತು, ತಲಾ 3,000ದ ವೋಚರ್ ಅಂದರು, ನಾನು ಒಪ್ಪಲಿಲ್ಲ, ನನ್ನ ಹಿಂದಿನ ಇಮೇಲ್ ಹಾಗೇ ಇದೆ. ಮೂರು ಸಾಲು ಸಾಕು. ಫೋನಿನ ಮಾತು ಅವರ ಹತ್ತಿರ ಮಾತ್ರ ದಾಖಲಾಗಿದೆ, ಈ ಸಾಲುಗಳಿಂದ ನಿಮ್ಮ ಹತ್ತಿರವೂ ಇರುತ್ತದೆ.

ಮೊತ್ತ ಎರಡು ಪಟ್ಟಾಯಿತು ನೋಡಿ. ಮೂರನೇ ಸಲ ಇನ್ನೂ ಏರಬಹುದು. ಟಿಕೆಟ್‌ನ ಪೂರ್ತಿ ಬೆಲೆಯ ವೋಚರ್ ಅಂದರೆ ಮನಸ್ಸು ಅಲುಗಾಡುತ್ತದೆ. ಆರು ತಿಂಗಳಲ್ಲಿ ನೀವು ಖಂಡಿತ ಹಾರುವವರಾಗಿದ್ದರೆ, ನಾಲ್ಕೂ ಒಂದೇ ಬುಕಿಂಗ್‌ನಲ್ಲಿ ಸಲ್ಲುವುದಾದರೆ, ತೆಗೆದುಕೊಳ್ಳುವುದು ನಿಮ್ಮ ಇಷ್ಟ. ಅದರಲ್ಲಿ ತಪ್ಪೇನಿಲ್ಲ. ಆದರೆ ವಯಸ್ಸಾದವರ ಪ್ರಯಾಣ ಅಂತ ಹೇಳಿದ್ದೀರಿ. ನಾನಾಗಿದ್ದರೆ ಹಣವೇ ಕೇಳುತ್ತೇನೆ.

ಏಳು ದಿನ ಕಳೆದರೆ ಏರ್‌ಲೈನ್‌ನ ಸೈಟಿನಲ್ಲಿ ನೋಡಲ್ ಅಧಿಕಾರಿ, ಅವರ ಮೇಲಿನ ಅಪೀಲು ಅಧಿಕಾರಿ ಇಬ್ಬರ ಇಮೇಲ್ ವಿಳಾಸ ಹುಡುಕಿ ಅದೇ ಸರಣಿಯನ್ನು ಕಳಿಸಿ. ಜೊತೆಗೆ `airsewa.gov.in`ನಲ್ಲಿ ದೂರು ಹಾಕಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅದೂ ಆಗದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಊರಲ್ಲೇ ದೂರು ಕೊಡಬಹುದು. ಏರ್‌ಲೈನ್‌ನ ಕಚೇರಿ ಎಲ್ಲಿದೆ ಅಂತ ನೋಡಬೇಕಿಲ್ಲ. ಐದು ಲಕ್ಷದವರೆಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಟ್ಟರಾಯಿತು.

ಕಾವೇರಿ ದಂಡೆ

ಎಲ್ಲರಿಗೂ ತಿಳಿಸುತ್ತೇನೆ. ನೋಡಲ್ ಅಧಿಕಾರಿಗೆ ಕಳಿಸಿ, ಏರ್‌ಸೇವಾದಲ್ಲೂ ಹಾಕಿದ ಮೇಲೆ ಇಮೇಲ್ ಬಂತು. ಸಿಸ್ಟಮ್‌ನಲ್ಲಿ ಆಯ್ಕೆಯೇ ಇಲ್ಲ ಅಂದಿದ್ದ ರೀಫಂಡ್ ಬಂದಿದೆ. ಎಆರ್‌ಎನ್ ಕೊಟ್ಟಿದ್ದಾರೆ, ಕಾರ್ಡಿನಲ್ಲೂ ಕಾಣುತ್ತಿದೆ. ಆದರೆ ಬಂದಿರುವುದು 29,080. ಸೀಟಿನ 1,200 ಮತ್ತು ಕನ್ವೀನಿಯನ್ಸ್ ಫೀ 1,400 ಇಲ್ಲ. ಅವು ನಾನ್ ರೀಫಂಡಬಲ್ ಅಂತ ಬರೆದಿದ್ದಾರೆ. ಅಪ್ಪನಿಗೆ ಇಷ್ಟಕ್ಕೇ ಸಮಾಧಾನ ಆಗಿದೆ. ನನಗೆ ಆಗಿಲ್ಲ.

ಕಾರ್ಡ್ ಕೌಂಟರ್ (ಬ್ಯಾಂಕ್ ನಿವೃತ್ತ)

ಕನ್ವೀನಿಯನ್ಸ್ ಫೀ ಬಿಡಮ್ಮ. ಅದು ಆನ್‌ಲೈನ್ ಬುಕ್ ಮಾಡಿದ ಸೇವೆಗೆ, ಬುಕಿಂಗ್ ಆಗಿತ್ತಲ್ಲ. ನಮ್ಮಲ್ಲಿ ಆ ಭಾಗದ ಡಿಸ್ಪ್ಯೂಟ್ ಗೆದ್ದದ್ದು ನಾನು ನೋಡಿಲ್ಲ.

ಧಾರವಾಡ ವಕೀಲೆ

ಸರ್, ಅದನ್ನು ನಾನು ಒಪ್ಪುವುದಿಲ್ಲ. ಪ್ರಯಾಣಿಕರು ತಾವಾಗಿ ರದ್ದು ಮಾಡಿದ್ದರೆ ಆ ಮಾತು ನಿಲ್ಲುತ್ತದೆ. ಕಂಪನಿಯೇ ಫ್ಲೈಟ್ ನಿಲ್ಲಿಸಿದಾಗ ಯಾವ ಅನುಕೂಲಕ್ಕೆ ಅಂತ ಇಟ್ಟುಕೊಳ್ಳುವುದು? ಆದರೆ ನಿಯಮದಲ್ಲಿ ಅದಕ್ಕೆಂದೇ ಒಂದು ಸಾಲು ತೋರಿಸಲು ನನ್ನ ಹತ್ತಿರ ಇಲ್ಲ, ಕಂಪನಿಯ ಷರತ್ತಿನಲ್ಲಿ ಉಲ್ಟಾ ಇರುತ್ತದೆ. ಸೀಟಿನ ಹಣಕ್ಕೆ ಈ ಗೊಂದಲ ಇಲ್ಲ. ಆ ವಿಮಾನವೇ ಹಾರಲಿಲ್ಲ, ಕೂರಲು ಸೀಟೇ ಸಿಗಲಿಲ್ಲ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಲು ಹೇಳಿದ್ದು ಇದಕ್ಕೇ.

ಈಗ ಬರೆಯುವಾಗ ಒಂದು ಎಚ್ಚರಿಕೆ. 29,080 ಬಂದದ್ದಕ್ಕೆ ಧನ್ಯವಾದ, ಸಮಸ್ಯೆ ಬಗೆಹರಿಯಿತು ಅಂತ ಬರೆಯಬೇಡಿ. ಭಾಗಶಃ ಹಣ ಬಂದಿದೆ, 2,600 ಬಾಕಿ ಇದೆ ಅಂತ ಬರೆಯಿರಿ. ಏರ್‌ಸೇವಾದಲ್ಲಿ ದೂರು ಮುಚ್ಚಿದ್ದೇವೆ ಅಂತ ತೋರಿಸಿದರೆ, ತೃಪ್ತಿ ಇಲ್ಲ ಅಂತ ಗುರುತು ಹಾಕಿ ಕಾರಣ ಬರೆಯಿರಿ.

ಬಸವನಗುಡಿ ಹುಡುಗ

ಅಕ್ಕ, 2,600ಕ್ಕೆ ಆಯೋಗಕ್ಕೆ ಹೋಗ್ತೀರಾ?

ಕಾವೇರಿ ದಂಡೆ

ಅದನ್ನು ಇನ್ನೂ ತೀರ್ಮಾನ ಮಾಡಿಲ್ಲಪ್ಪ. ಮೊದಲು ಇಮೇಲ್ ಕಳಿಸಿದ್ದೇನೆ. 1,200ಕ್ಕೆ ಒಂದು ಪ್ಯಾರಾ, 1,400ಕ್ಕೆ ಒಂದು ಪ್ಯಾರಾ, ಮತ್ತೆ ಏಳು ದಿನ. ಅದರ ಜೊತೆ ನೀವು ಹೇಳಿದ ಎರಡು ಗಂಟೆಯ ವಾದವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಅದನ್ನು ಕಳಿಸಿಲ್ಲ. ಆಯೋಗಕ್ಕೆ ಹೋಗುವುದೇ ಆದರೆ ಬೇಕಾಗುತ್ತದೆ ಅಂತ ಮೇಡಂ ಹೇಳಿದ್ದಾರಲ್ಲ. ಇಂದು ಬೆಳಿಗ್ಗೆ ಅವರಿಂದ ಆಟೋಮ್ಯಾಟಿಕ್ ಉತ್ತರ ಬಂದಿದೆ, ಹೊಸ ದೂರಿನ ಸಂಖ್ಯೆ ಕೊಟ್ಟಿದ್ದಾರೆ. ಹಳೆಯ ಸಂಖ್ಯೆಯನ್ನೇ ಮುಂದುವರಿಸಿ ಅಂತ ತಿರುಗಿ ಬರೆದಿದ್ದೇನೆ.

ಕಲಬುರಗಿ ಟೀಚರ್

ನಾನೂ ಇಬ್ಬರಿಗೂ ಒಂದೇ ಇಮೇಲ್ ಕಳಿಸಿದೆ ಮೇಡಂ. ಬಸ್ ಟಿಕೆಟ್‌ನ 640 ರೂಪಾಯಿ ಕಳೆದು ಬರೆದಿದ್ದೇನೆ. ಟ್ರಾವೆಲ್ ಸೈಟಿನವರು ವ್ಯಾಲೆಟ್ ಹಣಕ್ಕೆ ಇನ್ನೂ ಮೂರು ತಿಂಗಳು ಅವಧಿ ಹೆಚ್ಚಿಸುತ್ತೇವೆ ಅಂತ ಉತ್ತರಿಸಿದ್ದಾರೆ. ಏರ್‌ಲೈನ್‌ನವರು ಇನ್ನೂ ಬಾಯಿ ಬಿಟ್ಟಿಲ್ಲ. ಅವಧಿ ಹೆಚ್ಚಿಸಬೇಡಿ, ಕಾರ್ಡಿಗೆ ಹಾಕಿ ಅಂತಲೇ ಮತ್ತೆ ಬರೆಯಲೇ?

ಧಾರವಾಡ ವಕೀಲೆ

ಹೌದು. ಅದನ್ನೇ ಬರೆಯಿರಿ, ಏರ್‌ಲೈನ್‌ನ ನೋಡಲ್ ಅಧಿಕಾರಿಯನ್ನೂ ಅದೇ ಇಮೇಲ್‌ಗೆ ಸೇರಿಸಿ.